ಸಹಾಯ ಬೇಕು: ಕಾಫಿ ಕಡಿಮೆ ಮಾಡಿದರೆ ತಲೆನೋವು, ವಿಪರೀತ ಸುಸ್ತು

ಎಲ್ಲರಿಗೂ ನಮಸ್ಕಾರ. ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿಯುತ್ತಿದ್ದೆ. ರಾತ್ರಿ ನಿದ್ದೆ ಬಾರದೆ, ಕಳೆದ ತಿಂಗಳು ಒಂದು ಸೋಮವಾರ ಪೂರ್ತಿ ನಿಲ್ಲಿಸಿಬಿಟ್ಟೆ. ಮಂಗಳವಾರ ಬೆಳಿಗ್ಗೆಯೇ ಹಣೆ ಬಿಗಿದ ಹಾಗೆ ತಲೆನೋವು. ಬುಧವಾರ ಕಣ್ಣಿನ ಹಿಂದೆ ಒಂದೇ ಸಮ ಮಿಡಿತ. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ತಡೆಯಲಾರದೆ ಅರ್ಧ ಕಪ್ ಕುಡಿದೆ. ಒಂದು ಗಂಟೆಯೊಳಗೆ ನೋವು ಮಾಯ! ಆಗ ಗೊತ್ತಾಯಿತು, ಇದು ಕೆಫೀನ್ ಬಿಟ್ಟದ್ದರ ನೋವು ಅಂತ.

ಕೆಫೀನ್ ಮೆದುಳಿನ ರಕ್ತನಾಳಗಳನ್ನು ಸ್ವಲ್ಪ ಕಿರಿದಾಗಿಸುತ್ತದೆ. ದಿಢೀರನೆ ಬಿಟ್ಟರೆ ಅವು ಹಿಗ್ಗುತ್ತವೆ, ನೋವು ಬರುತ್ತದೆ. ಮೊದಲ ಎರಡು ದಿನ ಜಾಸ್ತಿ, ಸಾಮಾನ್ಯವಾಗಿ ಒಂಬತ್ತು ದಿನದೊಳಗೆ ಹೋಗುತ್ತದೆ.

ಈಗ ನಿಧಾನವಾಗಿ ಇಳಿಸುತ್ತಿದ್ದೇನೆ. ವಾರಕ್ಕೆ ಅರ್ಧ ಕಪ್ ಮಾತ್ರ ಕಡಿಮೆ, ಸಂಜೆಯದ್ದು ಮೊದಲು. ಸುಮ್ನೆ ಅಂದಾಜಿಗೆ ಬಿಡದೆ ಪುಡಿಯನ್ನು ಚಮಚದಲ್ಲಿ ಅಳೆಯುತ್ತೇನೆ. ತಲೆನೋವು ಬಂದ ವಾರ ಮುಂದಿನ ಹೆಜ್ಜೆ ಇಡುವುದಿಲ್ಲ, ಅದೇ ಅಳತೆಯಲ್ಲಿ ಇನ್ನೊಂದು ವಾರ ಇರುತ್ತೇನೆ. ಒಂದು ವಿಷಯ ತಡವಾಗಿ ಗಮನಿಸಿದೆ: ನಾನು ನುಂಗುತ್ತಿದ್ದ ತಲೆನೋವಿನ ಮಾತ್ರೆಯಲ್ಲೂ ಕೆಫೀನ್ ಇತ್ತು! ಪಟ್ಟಿಯ ಹಿಂದೆ ಬರೆದಿತ್ತು. ನೀವೂ ಓದಿ ನೋಡಿ.

ಎರಡು ಕಪ್‌ಗೆ ಬಂದಿದ್ದೇನೆ. ಬೆಳಗಿನ ಕಪ್ ಇಳಿಸುವುದೇ ಕಷ್ಟ. ಕೆಫೀನ್ ತೆಗೆದ ಪುಡಿಯನ್ನು ಕಾಲು ಭಾಗ, ಆಮೇಲೆ ಅರ್ಧ ಅಂತ ಬೆರೆಸಿ ಯಾರಾದರೂ ಇಳಿಸಿದ್ದೀರಾ? ಮಧ್ಯಾಹ್ನದ ಸುಸ್ತು ಎಷ್ಟು ದಿನ ಇತ್ತು? ದಯವಿಟ್ಟು ತಿಳಿಸಿ.