ಸಂಜೆ 99.1: ಇದು ಜ್ವರಾನಾ, ಅಲ್ವಾ?

ಕೆಂಗೇರಿ ಕಿರಣ: ವಯಸ್ಸು 36. ಹತ್ತು ದಿನದಿಂದ ಸಂಜೆ ಆಫೀಸಿಂದ ಬಂದ್ರೆ ಮೈ ಬೆಚ್ಚಗಿರತ್ತೆ. ಥರ್ಮಾಮೀಟರ್ ಇಟ್ರೆ 99, 99.1. ಬೆಳಗ್ಗೆ 97.8. ಹೆಂಡತಿ "ಜ್ವರ, ಡಾಕ್ಟರ್ ಹತ್ರ ಹೋಗಿ" ಅಂತಾಳೆ. ಮ್ಯಾನೇಜರ್ "99 ಎಲ್ಲಾ ಜ್ವರ ಅಲ್ಲ, ರಜ ಇಲ್ಲ" ಅಂತಾರೆ. ಯಾರು ಸರಿ?

ನಿವೃತ್ತ ಮೇಷ್ಟ್ರು: 98.6 ದಾಟಿದರೆ ಜ್ವರ. ಇದರಲ್ಲಿ ಚರ್ಚೆಗೆ ಏನಿದೆ? ಅದೂ ಕಂಕುಳಲ್ಲಿ ನೋಡಿದ್ದರೆ ಒಂದು ಡಿಗ್ರಿ ಸೇರಿಸಬೇಕು. 100.1 ಆಯಿತು. ನಿಮ್ಮ ಮನೆಯವರೇ ಸರಿ.

ಹುಬ್ಬಳ್ಳಿ ಮಂದಿ: ಸರ್, 98.6 ದಾಟಿದ್ರ ಜ್ವರ ಅಂದ್ರ ಸಂಜಿಗೆ ಅರ್ಧ ಊರಿಗೆ ಜ್ವರಾನ. ಜ್ವರ ಅಂದ್ರ 100.4. ಅದರ ಕೆಳಗ ಏನಿದ್ರೂ ಬರೇ ಮನಸ್ಸಿನ ಕಾವು. ಮ್ಯಾನೇಜರ್ ಸರಿ ಹೇಳ್ಯಾನ.

ಸುಳ್ಯದ ಸಿಸ್ಟರ್: ಇಬ್ಬರೂ ಒಂದೊಂದು ನಂಬರ್ ಹಿಡ್ಕೊಂಡು ಕೂತಿದ್ದೀರಿ. ಗಂಟೆ ಎಷ್ಟು ಅಂತ ಯಾರೂ ಕೇಳಲಿಲ್ಲ. ಮೈಯ ಬಿಸಿ ಬೆಳಗ್ಗೆ ಆರರ ಹೊತ್ತಿಗೆ ಎಲ್ಲಕ್ಕಿಂತ ಕಡಿಮೆ, ಸಂಜೆ ನಾಲ್ಕರಿಂದ ಆರಕ್ಕೆ ಎಲ್ಲಕ್ಕಿಂತ ಜಾಸ್ತಿ. ಅಮೆರಿಕದ ಮೇರಿಲ್ಯಾಂಡಿನಲ್ಲಿ 148 ಮಂದಿ ಆರೋಗ್ಯವಂತರ ಬಾಯಲ್ಲಿ ಇಟ್ಟು ನೋಡಿ 1992ರಲ್ಲಿ ಬರೆದದ್ದುಂಟು. ಸರಾಸರಿ ಬಂದದ್ದು 98.2. ಆರೋಗ್ಯವಂತರಲ್ಲೇ ಬೆಳಗ್ಗೆಯ ಮೇಲಿನ ಗಡಿ 98.9, ದಿನದ ಗಡಿ 99.9. ಅಂದ ಮೇಲೆ ಸಂಜೆಯ 99.1 ಅಷ್ಟಕ್ಕೇ ಜ್ವರ ಅಲ್ಲ. ಅದೇ 99.1 ಬೆಳಗ್ಗೆ ಆರಕ್ಕೆ ಬಂದಿದ್ದರೆ ನಾನು ಕಿವಿ ನಿಮಿರಿಸ್ತಿದ್ದೆ.

ಹುಬ್ಬಳ್ಳಿ ಮಂದಿ: "99.1 ಜ್ವರ ಅಲ್ಲ." ಸಿಸ್ಟರ್ ಹೇಳಿದ್ರಲ್ಲ, ಮುಗೀತು.

ಶಿರಸಿಯ ಮಗಳು: ಮುಗಿಯಲಿಲ್ಲ. ನನ್ನ ಅಮ್ಮನಿಗೆ 78. ಯಾವಾಗ ನೋಡಿದರೂ 97 ಆಸುಪಾಸು. ಹೋದ ವರ್ಷ ಒಂದು ದಿನ ಮಾತು ತಡವರಿಸಿತು, ನನ್ನನ್ನು ಚಿಕ್ಕಮ್ಮನ ಹೆಸರಿನಿಂದ ಕರೆದರು. ಬಿಸಿ ನೋಡಿದರೆ 99.2. ಆಸ್ಪತ್ರೆಗೆ ಕರ್ಕೊಂಡು ಹೋದರೆ "99 ಜ್ವರವೇ ಅಲ್ಲ, ವಯಸ್ಸಾಯ್ತಲ್ಲ" ಎಂದು ವಾಪಸ್ ಕಳಿಸಿದರು. ಎರಡು ದಿನ ಕಳೆದ ಮೇಲೆ ಗೊತ್ತಾಯ್ತು, ಮೂತ್ರದ ಸೋಂಕು ರಕ್ತಕ್ಕೆ ಹೋಗಿತ್ತು. 100.4 ಬರಲೇ ಇಲ್ಲ. ಆ ನಂಬರ್ ಹಿಡಿದು ಕೂತಿದ್ದರೆ ಅಮ್ಮ ಉಳೀತಿರಲಿಲ್ಲ.

ಹುಬ್ಬಳ್ಳಿ ಮಂದಿ: ಪಾಪ, ಅವ್ವಾರು ಆರಾಮಾದ್ರಲ್ಲ, ಅಷ್ಟು ಸಾಕು. ಆದ್ರ ಒಂದು ಮನಿ ಕತಿ ಮ್ಯಾಲೆ ಎಲ್ಲಾರಿಗೂ ಕಾನೂನು ಮಾಡಾಕ ಬರಂಗಿಲ್ಲ.

ಸುಳ್ಯದ ಸಿಸ್ಟರ್: ಅದು ಬರೀ ಮನೆ ಕತೆ ಅಲ್ಲ. ವೃದ್ಧಾಶ್ರಮದಲ್ಲಿ ಇರುವವರಿಗಾಗಿ ಅಮೆರಿಕದ ಸೋಂಕು ರೋಗ ತಜ್ಞರ ಸಂಘದ ಬೇರೆಯೇ ಮಾರ್ಗಸೂಚಿ ಉಂಟು. ಬಾಯಲ್ಲಿ ನೋಡಿದಾಗ ಒಮ್ಮೆ 100 ದಾಟಿದರೂ ಸಾಕು, 99ರ ಮೇಲೆ ಮತ್ತೆ ಮತ್ತೆ ಬಂದರೂ ಸಾಕು, ಅವರ ಮಾಮೂಲಿಗಿಂತ ಎರಡು ಡಿಗ್ರಿ ಏರಿದರೂ ಸಾಕು, ಜ್ವರ ಅಂತಲೇ ಲೆಕ್ಕ. ನಿಮ್ಮ ಅಮ್ಮನದ್ದು 2.2 ಏರಿತ್ತು. ಆದರೆ ಕೇಳಿದವರಿಗೆ 36 ವರ್ಷ ಮಾರಾಯ್ರೆ.

ಶಿರಸಿಯ ಮಗಳು: "99ರ ಮೇಲೆ ಮತ್ತೆ ಮತ್ತೆ ಬಂದರೆ ಜ್ವರ." ಇದನ್ನೇ ತಾನೇ ನಾನೂ ಹೇಳಿದ್ದು? ಕಿರಣ್ ಅವರಿಗೂ ಹತ್ತು ದಿನದಿಂದ ಮತ್ತೆ ಮತ್ತೆ ಬರ್ತಾ ಇದೆ.

ಪುಟ್ಟಿ ಅಮ್ಮ: ನಮ್ಮ ಪಾಪುಗೂ 99 ಇದೆ, ಎರಡು ವರ್ಷ. ಸಿರಪ್ ಎಷ್ಟು ಎಂಎಲ್ ಹಾಕ್ಲಿ?

ಸುಳ್ಯದ ಸಿಸ್ಟರ್: ಇದು ದೊಡ್ಡವರ ವಿಷಯ ಅಮ್ಮ. ಸಿರಪ್ ಅಳತೆ ತೂಕ ನೋಡಿ ಹೇಳೋದು. ಮಗುವಿನ ಡಾಕ್ಟರಿಗೆ ಫೋನ್ ಮಾಡಿ.

ನಿವೃತ್ತ ಮೇಷ್ಟ್ರು: ನನ್ನ ಮುಖ್ಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕಂಕುಳಲ್ಲಿ ನೋಡಿದ್ದಕ್ಕೆ ಒಂದು ಡಿಗ್ರಿ ಸೇರಿಸಬೇಕೋ ಬೇಡವೋ? ನಾನು ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಚರ್ಮ ಬೇರೆ, ಒಳಗಿನ ಉಷ್ಣತೆ ಬೇರೆ.

ಹುಬ್ಬಳ್ಳಿ ಮಂದಿ: ಮೇಷ್ಟ್ರೇ, ನಿಮ್ಮ 98.6 ಎಲ್ಲಿಂದ ಬಂತು ಗೊತ್ತೈತೇನು? ಜರ್ಮನಿಯ ವುಂಡರ್ಲಿಷ್, 1868. ಆತ ನೋಡಿದ್ದ ಕಂಕುಳದಾಗ! ರೋಗಿಗೆ ಒಂದು ಸೇರಿಸಿದ್ರ 98.6ಕ್ಕೂ ಒಂದು ಸೇರಿಸ್ರಿ. 99.6 ಆತು. ಜ್ವರ ಹೋತು!

ನಿವೃತ್ತ ಮೇಷ್ಟ್ರು: ಅರ್ಧ ಓದಿ ಮಾತಾಡಬೇಡಿ. ಅವರ ಕಾಲದ ಒಂದು ಥರ್ಮಾಮೀಟರನ್ನು ನಂತರ ಪರೀಕ್ಷಿಸಿದರೆ ಒಂದೂವರೆ ಸೆಲ್ಸಿಯಸ್ಸಿನಷ್ಟು ಹೆಚ್ಚೇ ತೋರಿಸುತ್ತಿತ್ತು. ಆ ಅಳತೆ ಇಟ್ಟುಕೊಂಡು ನನಗೆ ಲೆಕ್ಕ ಹೇಳಿಕೊಡುತ್ತೀರಾ?

ಹುಬ್ಬಳ್ಳಿ ಮಂದಿ: ಹಂಗಾದ್ರ ನಿಮ್ಮ 98.6 ನೀವ ಕೈಯಾರೆ ಬಾವಿಗೆ ಹಾಕಿದ್ರಿ. ಥ್ಯಾಂಕ್ಸ್ ರೀ.

ನಿವೃತ್ತ ಮೇಷ್ಟ್ರು: ದೊಡ್ಡವರ ಹತ್ತಿರ ಮಾತಾಡುವ ರೀತಿ ಕಲಿಯಿರಿ ಮೊದಲು.

ಸುಳ್ಯದ ಸಿಸ್ಟರ್: ಒಂದು ಡಿಗ್ರಿ ಅಂತ ಗಟ್ಟಿ ಲೆಕ್ಕ ಇಲ್ಲ ಸರ್. ಒಬ್ಬೊಬ್ಬರಿಗೆ ಅರ್ಧ, ಒಬ್ಬೊಬ್ಬರಿಗೆ ಒಂದಕ್ಕಿಂತ ಜಾಸ್ತಿ. ಬೆವರು, ಫ್ಯಾನು, ತೋಳು ಸರಿಯಾಗಿ ಒತ್ತಿಕೊಳ್ಳದೇ ಇರುವುದು, ಎಲ್ಲ ಸೇರಿ ಹಾಗೆ. ಅದಕ್ಕೇ ವಾರ್ಡಿನ ಚಾರ್ಟಿನಲ್ಲಿ ನಾವು ಏನೂ ಸೇರಿಸುವುದಿಲ್ಲ. "ಕಂಕುಳು 98.4, ರಾತ್ರಿ 8" ಅಂತ ಬಂದ ಹಾಗೇ ಬರೆಯುವುದು. ದಿನಾ ಒಂದೇ ಜಾಗ, ಒಂದೇ ಹೊತ್ತು, ಒಂದೇ ಥರ್ಮಾಮೀಟರ್. ಏರಿತೋ ಇಳಿಯಿತೋ ಆಗ ತನ್ನಿಂದ ತಾನೇ ಕಾಣ್ತದೆ. ಮನೆಯಲ್ಲಿ ಒಬ್ಬರು ಸೇರಿಸಿ ಹೇಳಿ, ಡಾಕ್ಟರ್ ಇನ್ನೊಂದು ಸೇರಿಸಿಕೊಂಡು, 99 ಇದ್ದದ್ದು 101 ಆದದ್ದನ್ನು ನಾನೇ ನೋಡಿದ್ದೇನೆ.

ನಿವೃತ್ತ ಮೇಷ್ಟ್ರು: "ಒಂದಕ್ಕಿಂತ ಜಾಸ್ತಿ" ಎಂದು ನೀವೇ ಬರೆದಿದ್ದೀರಿ. ನಾನು ಕಡಿಮೆಯೇ ಹೇಳಿದ್ದೆ.

ಕೆಂಗೇರಿ ಕಿರಣ: ಅಯ್ಯೋ, ಕಂಕುಳು ಅಂತ ನಾನು ಹೇಳೇ ಇಲ್ವಲ್ಲ. ಬಾಯಲ್ಲೇ ಇಟ್ಟಿದ್ದು, ನಾಲಿಗೆ ಕೆಳಗೆ. ಬಂದ ತಕ್ಷಣ ಕಾಫಿ ಕುಡಿದು ಟಿವಿ ಮುಂದೆ ಕೂತು.

ಹುಬ್ಬಳ್ಳಿ ಮಂದಿ: ಕಾಫಿ!!! ಇಷ್ಟೊತ್ತು ನಾವು ಫಿಲ್ಟರ್ ಕಾಫಿ ಜ್ವರಕ್ಕ ಬಡದಾಡಿದ್ವಿ.

ಸುಳ್ಯದ ಸಿಸ್ಟರ್: ಬಿಸಿ ಕುಡಿದರೆ ಅರ್ಧ ಗಂಟೆ ಬಿಟ್ಟು ಇಡಿ. ಐಸ್ ನೀರಾದರೂ ಹಾಗೆಯೇ, ಕಡಿಮೆ ತೋರಿಸ್ತದೆ. ನಡೆದು ಬಂದ ಕೂಡಲೇ ಬೇಡ. ಪ್ಯಾರಾಸಿಟಮಾಲ್ ತಗೊಳ್ಳುವುದಾದರೆ ನೋಡಿದ ಮೇಲೆ ತಗೊಳ್ಳಿ.

ಕೆಂಗೇರಿ ಕಿರಣ: ನಿನ್ನೆ ಕಾಫಿ ಇಲ್ದೆ ಏಳಕ್ಕೆ ನೋಡ್ದೆ, 99. ಇವತ್ತು 98.9. ಕಾಫಿದು ಅಂದ್ರೆ ಜಾಸ್ತಿ ಇಳೀಬೇಕಿತ್ತಲ್ವಾ?

ನಿವೃತ್ತ ಮೇಷ್ಟ್ರು: ಇಳಿಯಲಿಲ್ಲ. ಯಾಕೆಂದರೆ ಅದು ಜ್ವರ.

ಹುಬ್ಬಳ್ಳಿ ಮಂದಿ: 98.9ಕ್ಕೆ ಜ್ವರ ಅನ್ನೋರನ್ನ ಇವತ್ತ ನೋಡಿದ್ನಿ.

ಸುಳ್ಯದ ಸಿಸ್ಟರ್: ನಂಬರ್ ಸಾಕು ಈಗ. ಕಿರಣ್, ರಾತ್ರಿ ಬೆವರಿ ಬನಿಯನ್ ಒದ್ದೆ ಆಗ್ತದಾ? ಪ್ಯಾಂಟ್ ಸಡಿಲ ಆಗಿದೆಯಾ? ಕೆಮ್ಮು?

ಕೆಂಗೇರಿ ಕಿರಣ: ಬೆವರೇನಿಲ್ಲ. ಬೆಲ್ಟು ಒಂದು ತೂತು ಒಳಗೆ ಹೋಗಿದೆ, ಅದು ಡಯಟ್ ಅನ್ಕೊಂಡೆ. ಕೆಮ್ಮು ಸ್ವಲ್ಪ ಇದೆ, ಮೆಟ್ರೋ ಕೆಲಸದ ಧೂಳು.

ಶಿರಸಿಯ ಮಗಳು: ಎಷ್ಟು ದಿನದಿಂದ ಕೆಮ್ಮು?

ಕೆಂಗೇರಿ ಕಿರಣ: ಗೌರಿ ಹಬ್ಬದ ಮುಂಚೆಯಿಂದ. ಇಪ್ಪತ್ತು ದಿನ ಆಗಿರಬಹುದು.

ಹುಬ್ಬಳ್ಳಿ ಮಂದಿ: ಧೂಳಿಗೆ ನಮಗೂ ಕೆಮ್ಮು ಬರ್ತೈತಿ. ಅದಕ್ಕ 99 ಜ್ವರ ಆಗಂಗಿಲ್ಲ.

ಸುಳ್ಯದ ಸಿಸ್ಟರ್: ಆಗುವುದೂ ಬೇಡ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು, ಬಿಸಿ 97 ಇದ್ದರೂ ಸರಿ. ಸಂಜೆಯ ಕಾವು, ಇಳಿದ ಬೆಲ್ಟು ಜೊತೆಗಿದ್ದರೆ ತಡ ಬೇಡ. ಧೂಳೇ ಇರಬಹುದು, ನಾನು ಟಿಬಿ ಅಂತ ಹೇಳ್ತಾ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ನೋಡ್ತಾರೆ. ನಾಳೆ ಬೆಳಗ್ಗೆಯೇ ಹೋಗಿ.

ಕೆಂಗೇರಿ ಕಿರಣ: ನಾಳೆ ರಿಲೀಸ್ ಇದೆ ಸಿಸ್ಟರ್. ಶನಿವಾರ ಆಗತ್ತಾ?

ನಿವೃತ್ತ ಮೇಷ್ಟ್ರು: ಹೋದಾಗ ಅಲ್ಲಿ ಕಂಕುಳಲ್ಲಿ ನೋಡಿದರೆ ಒಂದು ಸೇರಿಸುತ್ತಾರೋ ಇಲ್ಲವೋ ಕೇಳಿ ಇಲ್ಲಿ ಬರೆಯಿರಿ.