ಸಹಾಯ ಬೇಕು: ಕಂಟೇನರ್ ಗೋಡೆ ಕತ್ತರಿಸುವ ಮುಂಚೆ ಲೆಕ್ಕ ಹಾಕಿಕೊಡುವವರು ಬೇಕಾಗಿದ್ದಾರೆ

ಕೋಲಾರದ ಹತ್ತಿರ ನಮ್ಮ ತೋಟದಲ್ಲಿ 40 ಅಡಿಯ ಹಳೇ ಕಂಟೇನರ್ ಇಳಿಸಿದ್ದೇವೆ. ಅದರ ಒಂದು ತುದಿಯ ಮೇಲೆ 20 ಅಡಿಯದ್ದೊಂದನ್ನು ಕೂರಿಸಬೇಕು, ಕೆಳಗಿನದರ ಉದ್ದಗೋಡೆಯಲ್ಲಿ 12 ಅಡಿ ಅಗಲದ ಬಾಗಿಲು ಬೇಕು. ಕಂಟೇನರ್ ಭಾರ ಹೊರುವುದು ನಾಲ್ಕು ಮೂಲೆಗಂಬಗಳಲ್ಲಿ. ಆದರೆ ಇಲ್ಲಿ ಮೇಲಿನದರ ಎರಡು ಮೂಲೆಗಳು ಕೆಳಗಿನದರ ನಡುಮಧ್ಯದಲ್ಲಿ, ಬರೀ ಮೇಲಂಚಿನ ರೈಲಿನ ಮೇಲೆ ಬರುತ್ತವೆ. ಆ ರೈಲು ಬಾಗದಂತೆ ಹಿಡಿದಿರುವುದೇ ಸುಮಾರು 2 ಮಿ.ಮೀ. ದಪ್ಪದ ಅಲೆಅಲೆ ತಗಡು. ಅದನ್ನೇ ಕತ್ತರಿಸಿದರೆ ರೈಲು ಜೋತುಬಿದ್ದು ಸ್ಲೈಡಿಂಗ್ ಬಾಗಿಲು ಸಿಕ್ಕಿಕೊಳ್ಳುತ್ತದೆ.

ವೆಲ್ಡರ್ ಅಣ್ಣ ಸುತ್ತ ಆಂಗಲ್ ಹೊಡೆದರೆ ಸಾಕು ಅಂತಾರೆ. ನನಗೆ ಧೈರ್ಯವಿಲ್ಲ. ಆ ಮೂಲೆಗಳ ನೇರ ಕೆಳಗೆ ಬಾಕ್ಸ್ ಸೆಕ್ಷನ್ ಕಂಬ, ಅದರಡಿ ಕಾಂಕ್ರೀಟ್ ಪಾದ, ಇವು ನಿಂತ ಮೇಲೆಯೇ ಕಟಿಂಗ್ ಅಂತ ನನ್ನ ಅಭಿಪ್ರಾಯ. ಕಂಬ, ಬಾಗಿಲ ಮೇಲಿನ ತೊಲೆಯ ಅಳತೆ ಹೇಳಬಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಕೋಲಾರ, ಮಾಲೂರು ಕಡೆ ಯಾರಾದರೂ ಇದ್ದಾರಾ? ಫೀಸ್ ಕೊಡುತ್ತೇವೆ.