ಪದಚರ್ಚೆ: ಹಳೇ ಹಾರ್ಮೋನಿಯಂಗೆ "ಗಾಳಿ ಹೋಗುತ್ತೆ" ಅಂತ ಬರೆದರೆ ಸಾಕಾ?

ಪ್ರಶ್ನೆ (ಶಿವಮೊಗ್ಗ):

ನಮ್ಮ ಚಿಕ್ಕಪ್ಪನ ಹಾರ್ಮೋನಿಯಂ ಮಾರಬೇಕು. ಮೂರೂವರೆ ಸಪ್ತಕ, ಬೆರಳಿಂದ ಒತ್ತುವ 42 ಮನೆ, ಎರಡು ಸಾಲು ಸ್ವರ. ಹಿಂದೆ ಒಮ್ಮೆ ಶ್ರುತಿ ಮಾಡಿಸಿದ್ದರು. ಈಗ ತಿದಿ ಒತ್ತಿ ಬಿಟ್ಟರೆ ಬೇಗ ಖಾಲಿಯಾಗುತ್ತೆ. ಜಾಹೀರಾತುಗಳಲ್ಲಿ ಎಲ್ಲರೂ "ಸುಸ್ಥಿತಿಯಲ್ಲಿದೆ" ಅಂತ ಬರೆಯುತ್ತಾರೆ. ಹಾಗೆ ಬರೆಯಲು ಮನಸ್ಸಿಲ್ಲ. "ಗಾಳಿ ಹೋಗುತ್ತೆ" ಅಂದರೆ ಕೊಳ್ಳುವವರಿಗೆ ಏನು ಅರ್ಥವಾಗುತ್ತೆ? ಬೇರೆ ಒಳ್ಳೆಯ ಮಾತು ಇದೆಯಾ?

ಉತ್ತರ (ಬೆಂಗಳೂರು):

ಗಾಳಿ ಹೋಗುತ್ತೆ ಅಂದರೆ ತಿದಿ ಹರಿದಿದೆ ಅಂತಲೇ ಅರ್ಥ. "ತಿದಿ ಬದಲಿಸಬೇಕು" ಅಂತ ನೇರವಾಗಿ ಬರೆದುಬಿಡಿ. ಬೆಲೆ ಇಳಿಸಿ ಕೊಡಿ, ಅಷ್ಟೇ.

ಉತ್ತರ (ಹುಬ್ಬಳ್ಳಿ):

ಅಷ್ಟು ಬೇಗ ತಿದಿ ಮೇಲೆ ತಪ್ಪು ಹೊರಿಸಬೇಡಿ ಸರ್. ನಮ್ಮ ಕಡೆ ಇದಕ್ಕೆ ಪೇಟಿ ಅಂತೀವಿ. ರಿಪೇರಿಗೆ ಬರುವ ಪೇಟಿಗಳಲ್ಲಿ ಎಷ್ಟೋ ಸಲ ತಿದಿ ಚೆನ್ನಾಗೇ ಇರುತ್ತೆ, ಗಾಳಿ ಹೋಗುವ ದಾರಿ ಬೇರೆ ಇರುತ್ತೆ.

ಹೀಗೆ ನೋಡಿ. ಮೊದಲು ಸ್ವರದ ಸಾಲಿಗೆ ಗಾಳಿ ಬಿಡುವ ಗುಂಡಿಗಳನ್ನು, ಅಂದರೆ ಸ್ಟಾಪರ್‌ಗಳನ್ನು, ಎಲ್ಲ ಒಳಗೆ ತಳ್ಳಿ ಮುಚ್ಚಿ. ತಿದಿಯಿಂದ ಗಾಳಿ ತುಂಬಿಸಿ, ಯಾವ ಮನೆಯನ್ನೂ ಮುಟ್ಟದೆ ಹಿಡಿದುಕೊಳ್ಳಿ. ಆಗಲೂ ತಿದಿ ಸರ್ರನೆ ಕುಸಿದರೆ ದೋಷ ತಿದಿಯದು, ಇಲ್ಲವೇ ಒಳಗಿನ ಗಾಳಿಚೀಲದ್ದು. ಮಡಿಕೆಯ ಮೂಲೆಗೆ ಅಂಗೈ ಹಿಡಿದರೆ ಗಾಳಿ ತಾಗುತ್ತೆ. ಇಲಿ ಕಡಿದಿರುವುದೂ ಅಲ್ಲೇ ಜಾಸ್ತಿ. ನಿಧಾನವಾಗಿ ಇಳಿದರೆ ಚಿಂತೆ ಬೇಡ, ಹಳೇ ಪೇಟಿಗೆ ಅದು ಸಹಜ.

ಆಮೇಲೆ ಸ್ಟಾಪರ್ ಎಳೆದು ಮತ್ತೆ ಗಾಳಿ ತುಂಬಿಸಿ. ಈಗ ಮಾತ್ರ ಬೇಗ ಖಾಲಿಯಾದರೆ ತಿದಿ ಸರಿ ಇದೆ, ಮನೆಗಳ ಕಡೆಯಿಂದ ಸೋರುತ್ತಿದೆ. ಮನೆಯ ಅಡಿಯ ತೂತು ಮುಚ್ಚುವ ಪಟ್ಟಿಗೆ ಚರ್ಮ ಅಂಟಿಸಿರುತ್ತಾರೆ. ಅದು ಗಟ್ಟಿಯಾಗಿ ಸೆಟೆದುಕೊಂಡಿರಬಹುದು, ಸ್ಪ್ರಿಂಗ್ ಸೋತಿರಬಹುದು. ಸಣ್ಣ ಸೋರಿಕೆಯಾದರೆ "ಹುಸ್" ಅನ್ನುತ್ತೆ. ದೊಡ್ಡದಾದರೆ ಒತ್ತದೆಯೇ ಸ್ವರ ನುಡಿಯುತ್ತೆ. ಅದಕ್ಕೆ ನಾವು "ಮನೆ ತಾನಾಗಿ ಕೂಗುತ್ತೆ" ಅಂತೀವಿ. ಈ ಎರಡು ರಿಪೇರಿಗೂ ಅಜಗಜಾಂತರ. ಒಂದಕ್ಕೆ ಚರ್ಮದ ಚೂರು, ಸ್ಪ್ರಿಂಗ್ ಸಾಕು. ಇನ್ನೊಂದಕ್ಕೆ ತಿದಿಯನ್ನೇ ಬಿಚ್ಚಬೇಕು. ಹಾಗಾಗಿ "ಗಾಳಿ ಹೋಗುತ್ತೆ" ಸಾಲದು. ಎಲ್ಲಿಂದ ಅಂತ ಹೇಳಿ.

ಉತ್ತರ (ಮಂಗಳೂರು):

ನನ್ನದು ಗಿಟಾರ್. ಮಳೆಗಾಲದಲ್ಲಿ ಹೊಟ್ಟೆ ಉಬ್ಬಿ ತಂತಿ ಮೇಲೆದ್ದಿದೆ, ಒತ್ತಿದರೆ ಬೆರಳು ಉರಿಯುತ್ತೆ. ಇದಕ್ಕೂ "ನುಡಿಸಲು ಆಗುತ್ತೆ" ಅಂತ ಬರೆಯಬಹುದಾ? ಅಂದ ಹಾಗೆ ನಿಮ್ಮ ಹಾರ್ಮೋನಿಯಂ ಎಷ್ಟಕ್ಕೆ ಕೊಡುತ್ತೀರಿ?

ಉತ್ತರ (ಹುಬ್ಬಳ್ಳಿ):

ಬೆಲೆ ಮಾತು ಅವರಿಬ್ಬರೇ ಆಡಿಕೊಳ್ಳಲಿ. ಗಿಟಾರಿಗೆ "ತಂತಿ ಎತ್ತರವಾಗಿದೆ" ಅಂತ ಬರೆದರೆ ಆಯ್ತು, ನುಡಿಸುವವರಿಗೆ ತಿಳಿಯುತ್ತೆ.

ಪೇಟಿಗೆ ಇನ್ನೊಂದು ಮಾತು. "ಶ್ರುತಿ ಮಾಡಿಸಿದ್ದರು" ಅಂದರೆ ಎಲ್ಲರೂ ಒಳ್ಳೇದು ಅಂದುಕೊಳ್ಳುತ್ತಾರೆ. ಆದರೆ ಶ್ರುತಿ ಮಾಡುವುದು ಅಂದರೆ ನಾದ ಹೊರಡಿಸುವ ಹಿತ್ತಾಳೆಯ ನಾಲಿಗೆಯನ್ನು ಕೆರೆಯುವುದು, ಆ ನಾಲಿಗೆಗೂ ಸ್ವರ ಅಂತಲೇ ಅಂತೀವಿ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತೆ, ಬುಡದಲ್ಲಿ ಕೆರೆದರೆ ಇಳಿಯುತ್ತೆ. ಪ್ರತಿ ಸಲ ಲೋಹ ಸವೆಯುತ್ತೆ, ತುಂಬ ಕೆರೆದ ನಾಲಿಗೆ ಮುರಿಯುತ್ತೆ. ಎಷ್ಟು ಸಲ ಶ್ರುತಿ ಮಾಡಿಸಿದ್ದು, ಯಾವ ಮನೆಗೆ ಹೊಸ ಸ್ವರ ಹಾಕಿದ್ದು ಅಂತ ಬರೆಯಿರಿ. ಎರಡು ಸಾಲಿನ ಸ್ಟಾಪರೂ ಎಳೆದು ಒಂದೇ ಮನೆ ಒತ್ತಿದಾಗ ನಾದ ಓಲಾಡಿದರೆ "ಅಲೆ ಬರುತ್ತೆ" ಅನ್ನಿ. ಅಂದರೆ ಎರಡು ಸಾಲು ಒಂದಕ್ಕೊಂದು ಕೂಡುತ್ತಿಲ್ಲ.

ಉತ್ತರ (ಬೆಂಗಳೂರು):

ಒಪ್ಪಿದೆ, ನಾನು ಅವಸರ ಮಾಡಿದೆ. ಆದರೆ "ಅಲೆ" ಅಂದರೆ ಮೈಸೂರು ಕಡೆಯವರಿಗೆ ತಿಳಿಯೋದು ಅನುಮಾನ. "ಶ್ರುತಿ ಬಿಟ್ಟಿದೆ" ಅಂದರಾಗದೇ?

ಉತ್ತರ (ಹುಬ್ಬಳ್ಳಿ):

ಶ್ರುತಿ ಬಿಟ್ಟಿದೆ ಅಂದರೆ ಇಡೀ ಪೇಟಿಯೇ ಕೆಟ್ಟಿದೆ ಅನ್ನಿಸುತ್ತೆ. ನನಗೆ ಅದು ಸರಿ ಕಾಣಲ್ಲ.

ಪ್ರಶ್ನೆ ಕೇಳಿದವರು (ಶಿವಮೊಗ್ಗ):

ನೀವು ಹೇಳಿದಂತೆ ನೋಡಿದೆ. ಸ್ಟಾಪರ್ ಮುಚ್ಚಿದರೆ ಗಾಳಿ ನಿಲ್ಲುತ್ತೆ. ಎಳೆದರೆ ನಡುವಿನ ಸಪ್ತಕದ ಒಂದು ಕಪ್ಪು ಮನೆ ಕೂಗುತ್ತೆ. ಹೀಗೆ ಬರೆದಿದ್ದೇನೆ:

"ಹಾರ್ಮೋನಿಯಂ, 42 ಮನೆ, ಎರಡು ಸಾಲು. ತಿದಿ ಗಾಳಿ ಹಿಡಿಯುತ್ತೆ, ಹರಿದಿಲ್ಲ. ನಡುವಿನ ಸಪ್ತಕದಲ್ಲಿ ಎರಡನೇ ಕಪ್ಪು ಮನೆ ಒತ್ತದೆಯೇ ಕೂಗುತ್ತೆ, ರಿಪೇರಿ ಮಾಡಿಸಿಲ್ಲ. ಮೇಲಿನ ಸಪ್ತಕದ ಎರಡು ಮನೆಯಲ್ಲಿ ಅಲೆ ಬರುತ್ತೆ. ಹಿಂದೆ ಒಮ್ಮೆ ಶ್ರುತಿ ಮಾಡಿಸಿದೆ, ಸ್ವರ ಬದಲಿಸಿದ್ದು ಗೊತ್ತಿಲ್ಲ. ಮರದ ಪೆಟ್ಟಿಗೆ ಜೊತೆಗಿದೆ, ಅದರ ಒಂದು ಕೊಂಡಿ ಮುರಿದಿದೆ."

ಸರಿ ಇದೆಯಾ? ಪೆಟ್ಟಿಗೆಯಂಥವಕ್ಕೆ "ಪರಿಕರ" ಅನ್ನೋದು ಭಾರ ಅನ್ನಿಸಿ ಬಿಟ್ಟೆ.

ಉತ್ತರ (ಹುಬ್ಬಳ್ಳಿ):

ಎಲ್ಲ ಸರಿ. "ಪೆಟ್ಟಿಗೆ" ಒಂದನ್ನು ಮಾತ್ರ "ಇಡುವ ಪೆಟ್ಟಿಗೆ" ಅಂತ ಮಾಡಿ. ಇಲ್ಲಿ ಕೆಲವರು ಹಾರ್ಮೋನಿಯಂಗೇ ಪೆಟ್ಟಿಗೆ ಅಂತಾರೆ, ಎರಡು ವಾದ್ಯ ಸಿಗುತ್ತೆ ಅಂತ ಫೋನ್ ಮಾಡಿಯಾರು.